‘ಗೋಣಿಚೀಲ ತರಿಸುವುದು’: ಆಳಂದ ತಾಲ್ಲೂಕಿನ ಒಂದು ವಾರದ ಸಭೆಯ ಪ್ರಕರಣ

ಆಳಂದ ತಾಲ್ಲೂಕಿನ ಒಂದು ರೈತ ಉತ್ಪಾದಕರ ಕಂಪನಿಯ ಸಭಾ ಪುಸ್ತಕದಲ್ಲಿ ನವೆಂಬರ್ ತಿಂಗಳ ನಾಲ್ಕು ಸೋಮವಾರಗಳಲ್ಲೂ ಒಂದೇ ಸಾಲು ಇದೆ: ‘ಗೋಣಿಚೀಲ ತರಿಸುವುದು.’ ಬರವಣಿಗೆ ಅಚ್ಚುಕಟ್ಟಾಗಿದೆ, ಕೆಳಗೆ ಒಂಬತ್ತು ಸಹಿಗಳಿವೆ. ಡಿಸೆಂಬರ್ ಕೊನೆಯ ವಾರ ರಾಶಿ ಮುಗಿಸಿದ ರೈತರು ಟ್ರ್ಯಾಕ್ಟರ್‌ಗಳಲ್ಲಿ ತೊಗರಿ ತುಂಬಿಕೊಂಡು ಬಂದಾಗ ಗೋದಾಮಿನಲ್ಲಿ 1,400 ಚೀಲಗಳಷ್ಟೇ ಇದ್ದವು. ಆ ಹಂಗಾಮಿಗೆ 3,000 ಕ್ವಿಂಟಲ್ ಖರೀದಿಯ ಅಂದಾಜಿತ್ತು. ಐವತ್ತು ಕಿಲೋ ಚೀಲದ ಲೆಕ್ಕದಲ್ಲಿ 6,000 ಚೀಲ ಬೇಕಿತ್ತು. ಎರಡು ದಿನ ಕಾಳು ನೆಲದ ಮೇಲೆ ತಾಡಪತ್ರಿಯ ಅಡಿಯಲ್ಲಿ ಬಿದ್ದಿತ್ತು. ಮೂರನೆಯ ದಿನ ಕಲಬುರಗಿಯಿಂದ ಅವಸರದಲ್ಲಿ, ಕೇಳಿದ ದರಕ್ಕೆ ಚೀಲ ತರಿಸಬೇಕಾಯಿತು.

ವ್ಯವಸ್ಥಾಪಕರು ನನ್ನನ್ನು ಕರೆದದ್ದು ಇದಾದ ಮೇಲೆ. ‘ಸರ್, ನಮ್ಮವರು ಮೈಗಳ್ಳರಲ್ಲ. ವಾರ ವಾರವೂ ಕೂಡುತ್ತೇವೆ, ಎಲ್ಲವನ್ನೂ ಮಾತಾಡುತ್ತೇವೆ. ಆದರೂ ಹೀಗೇಕಾಗುತ್ತದೆ?’ ಎಂದರು. ಜನವರಿಯಿಂದ ಏಪ್ರಿಲ್‌ವರೆಗೆ ಅವರ ವಾರದ ಸಭೆಗಳಲ್ಲಿ ನಾನು ಒಂದು ಮೂಲೆಯಲ್ಲಿ ಕುಳಿತೆ. ಕಂಪನಿಯ ಹೆಸರನ್ನಾಗಲಿ ಸಿಬ್ಬಂದಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಅವರ ಕೆಲಸದಿಂದಲೇ ಅವರನ್ನು ಗುರುತಿಸುತ್ತೇನೆ: ವ್ಯವಸ್ಥಾಪಕರು, ಲೆಕ್ಕ ಬರೆಯುವ ಅಕ್ಕ, ಗೋದಾಮು ನೋಡಿಕೊಳ್ಳುವವರು, ಬೀಜ-ಗೊಬ್ಬರದ ಮಳಿಗೆಯವರು, ದಾಲ್ ಮಿಲ್ ನಡೆಸುವವರು, ಮತ್ತು ಹಳ್ಳಿ ಹಳ್ಳಿ ಸುತ್ತುವ ನಾಲ್ವರು ಕ್ಷೇತ್ರ ಸಿಬ್ಬಂದಿ. ಆ ನಾಲ್ವರಲ್ಲಿ ಹಿರಿಯರನ್ನು ಎಲ್ಲರೂ ‘ಕಾಕಾ’ ಎನ್ನುತ್ತಾರೆ.

ಹಳೆಯ ಪುಸ್ತಕ ಹೇಳಿದ್ದು

ಮೊದಲ ದಿನ ಯಾರನ್ನೂ ಏನನ್ನೂ ಕೇಳದೆ ಹಿಂದಿನ ಎಂಟು ಸಭೆಗಳ ನಡಾವಳಿಯನ್ನು ಓದಿದೆ. ಅದರಲ್ಲಿ ಒಟ್ಟು 61 ತೀರ್ಮಾನಗಳಿದ್ದವು. ಇಪ್ಪತ್ಮೂರರ ಮುಂದೆ ಮಾತ್ರ ಒಬ್ಬರ ಹೆಸರಿತ್ತು. ಒಂಬತ್ತಕ್ಕೆ ದಿನಾಂಕವಿತ್ತು. ಹೆಸರು ಮತ್ತು ದಿನಾಂಕ ಎರಡೂ ಇದ್ದವು ಏಳು.

ಆದರೆ ನನ್ನ ಕಣ್ಣಿಗೆ ಹೆಚ್ಚು ಬಿದ್ದದ್ದು ವಾಕ್ಯಗಳ ಧಾಟಿ. ಕನ್ನಡದ ನಡಾವಳಿಗೆ ನಮ್ಮ ಕಚೇರಿಗಳಿಂದ ಬಂದ ಒಂದು ಹಳೆಯ ರೂಢಿಯಿದೆ: ‘ಕ್ರಮ ಕೈಗೊಳ್ಳುವುದು’, ‘ಗಮನಕ್ಕೆ ತರುವುದು’, ‘ಎಂದು ತೀರ್ಮಾನಿಸಲಾಯಿತು’. ಈ ವಾಕ್ಯಗಳಲ್ಲಿ ಕೆಲಸವಿದೆ, ಮಾಡುವವರಿಲ್ಲ. ‘ಚೀಲ ತರಿಸುವುದು’ ಎಂಬ ಸಾಲಿಗೆ ಕರ್ತೃಪದವೇ ಇಲ್ಲ. ಅದನ್ನು ಕೇಳಿದ ಒಂಬತ್ತು ಜನರೂ ಉಳಿದ ಎಂಟರಲ್ಲಿ ಯಾರೋ ಒಬ್ಬರು ತರಿಸುತ್ತಾರೆ ಎಂದುಕೊಂಡು ಮನೆಗೆ ಹೋಗುತ್ತಾರೆ. ಇದು ನನ್ನ ಊಹೆಯಲ್ಲ, ಬೇರೆ ಬೇರೆಯಾಗಿ ಕೇಳಿ ನೋಡಿದೆ. ಗೋದಾಮಿನವರು ‘ಲೆಕ್ಕದ ಅಕ್ಕ ದರಪಟ್ಟಿ ತರಿಸುತ್ತಾರೆ ಅಂದುಕೊಂಡಿದ್ದೆ’ ಎಂದರು. ಅಕ್ಕ ‘ಗೋದಾಮಿನ ಅಣ್ಣ ಎಷ್ಟು ಬೇಕೆಂದು ಬರೆದು ಕೊಡಲಿ ಎಂದು ಕಾಯುತ್ತಿದ್ದೆ’ ಎಂದರು. ವ್ಯವಸ್ಥಾಪಕರು ಇಬ್ಬರೂ ಸೇರಿ ಮಾಡುತ್ತಿದ್ದಾರೆ ಎಂದು ನಂಬಿದ್ದರು. ಮೂವರೂ ನಿಜವನ್ನೇ ಹೇಳುತ್ತಿದ್ದರು.

ಆ ವಾರದ ಸಭೆಯನ್ನು ಹಾಗೆಯೇ ನಡೆಯಲು ಬಿಟ್ಟು ಗಡಿಯಾರ ನೋಡಿಕೊಂಡೆ. ಹತ್ತಕ್ಕೆಂದು ಕರೆದ ಸಭೆ ಹತ್ತೂ ಇಪ್ಪತ್ತೈದಕ್ಕೆ ಆರಂಭವಾಯಿತು, ಏಕೆಂದರೆ ಹಳ್ಳಿಯಿಂದ ಬರುವ ಇಬ್ಬರ ಬಸ್ಸು ಆಳಂದ ತಲುಪುವುದೇ ಹತ್ತೂ ಕಾಲಿಗೆ. ಸಭೆ ನಡೆದದ್ದು 140 ನಿಮಿಷ. ಅದರಲ್ಲಿ 85 ನಿಮಿಷ ನಾಲ್ವರು ಕ್ಷೇತ್ರ ಸಿಬ್ಬಂದಿಯ ವರದಿಗೇ ಹೋಯಿತು. ಯಾವ ಹಳ್ಳಿಗೆ ಹೋದೆ, ಯಾರು ಸಿಕ್ಕರು, ಯಾರು ಸಿಗಲಿಲ್ಲ ಎಂಬ ವಿವರ. ಮಿಲ್ಲಿನವರು ಅಷ್ಟು ಹೊತ್ತೂ ಬಾಗಿಲ ಕಡೆ ನೋಡುತ್ತಿದ್ದರು. ಯಂತ್ರಕ್ಕೆ ಕಾಳು ಹಾಕಿಸಿ ಬಂದಿದ್ದರು ಪಾಪ. ತೀರ್ಮಾನ ಬೇಕಾಗಿದ್ದ ವಿಷಯಗಳು ಬಂದದ್ದು ಕೊನೆಯ ಇಪ್ಪತ್ತು ನಿಮಿಷದಲ್ಲಿ, ಎಲ್ಲರಿಗೂ ಹಸಿವಾದ ಮೇಲೆ. ಒಂಬತ್ತು ಜನರ 140 ನಿಮಿಷವೆಂದರೆ 21 ಗಂಟೆಗಳ ದುಡಿಮೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ವ್ಯವಸ್ಥಾಪಕರ ಮುಂದಿಟ್ಟೆ. ಬದಲಾವಣೆಗೆ ಅವರು ಒಪ್ಪಿದ್ದು ಅದನ್ನು ನೋಡಿದ ಮೇಲೆಯೇ.

ಹೆಸರಿನ ಬದಲು ಪ್ರಶ್ನೆ

ಮೊದಲು ದಿನ ಬದಲಾಯಿತು. ಸೋಮವಾರ ಸಿಬ್ಬಂದಿಯ ಕೈಯಲ್ಲಿ ಹಿಂದಿನ ವಾರದ ಲೆಕ್ಕವೇ ಇರುತ್ತಿರಲಿಲ್ಲ. ಶನಿವಾರಕ್ಕೆ ಹಾಕೋಣ ಎಂದು ಒಬ್ಬರು ಹೇಳಿದರು. ಆದರೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕ್ ಇರುವುದಿಲ್ಲ, ಮರುದಿನ ಭಾನುವಾರ. ಹೊತ್ತುಕೊಂಡ ಕೆಲಸ ಎರಡು ದಿನದಲ್ಲಿ ತಣ್ಣಗಾಗುತ್ತದೆ. ಮಂಗಳವಾರ ಹತ್ತೂವರೆ ಎಂದು ನಿಂತಿತು. ಬಸ್ಸಿನ ವೇಳೆಗೆ ಸಭೆ ಹೊಂದಿಕೊಂಡಿತು, ತಡವಾಗಿ ಬರುವವರಿಗೆ ದಂಡ ಹಾಕುವ ಮಾತು ಅಲ್ಲಿಗೇ ಬಿದ್ದುಹೋಯಿತು.

ಕಾರ್ಯಸೂಚಿಯ ವಿಷಯದಲ್ಲಿ ಹೆಚ್ಚು ಕೆಲಸವಿತ್ತು. ಹಳೆಯ ಕಾರ್ಯಸೂಚಿ ಹೀಗಿರುತ್ತಿತ್ತು: ‘1. ಗೋದಾಮು. 2. ಮಳಿಗೆ. 3. ಸದಸ್ಯತ್ವ. 4. ಇತರೆ.’ ‘ಗೋದಾಮು’ ಎಂದು ಬರೆದರೆ ಗೋದಾಮಿನ ಇಲಿಯಿಂದ ಹಿಡಿದು ಬಾಡಿಗೆಯವರೆಗೆ ಎಲ್ಲವೂ ಮಾತಿಗೆ ಬರುತ್ತದೆ, ಮಾತು ಮುಗಿಯಿತೋ ಇಲ್ಲವೋ ತಿಳಿಯುವುದಿಲ್ಲ. ಪ್ರತಿ ವಿಷಯವನ್ನೂ ಉತ್ತರ ಕೊಡಬಹುದಾದ ಪ್ರಶ್ನೆಯಾಗಿ ಬರೆಯಬೇಕೆಂದು ಗೊತ್ತುಮಾಡಿಕೊಂಡೆವು. ‘ಗೋದಾಮು’ ಎನ್ನುವುದು ‘ಮಿಲ್ಲಿಗೆ ಹೋಗಬೇಕಾದ 200 ಚೀಲ ತೊಗರಿಯನ್ನು ಈ ವಾರವೇ ಕಳಿಸೋಣವೇ, ದರ ನೋಡಿ ಮುಂದಿನ ವಾರ ಕಳಿಸೋಣವೇ?’ ಎಂದಾಯಿತು. ಹೀಗೆ ಬರೆದರೆ ಉತ್ತರ ಸಿಕ್ಕ ಕೂಡಲೇ ಎಲ್ಲರಿಗೂ ಗೊತ್ತಾಗುತ್ತದೆ, ಮುಂದಿನ ವಿಷಯಕ್ಕೆ ಹೋಗಲು ಯಾರೂ ಯಾರನ್ನೂ ತಡೆಯಬೇಕಾಗಿಲ್ಲ. ‘ಇತರೆ’ಯನ್ನು ತೆಗೆದುಹಾಕಿದೆವು. ಸಿದ್ಧತೆಯಿಲ್ಲದ ವಿಷಯಗಳು ಒಳಗೆ ನುಸುಳುತ್ತಿದ್ದದ್ದು ಆ ಬಾಗಿಲಿನಿಂದಲೇ.

ಪ್ರತಿ ಪ್ರಶ್ನೆಯ ಮುಂದೆ ಅದನ್ನು ತರುವವರ ಹೆಸರು ಮತ್ತು ನಿಮಿಷ. ತರುವವರು ಯಾರೂ ಇಲ್ಲವೆಂದರೆ ಆ ವಾರ ಆ ಪ್ರಶ್ನೆ ಇಲ್ಲ. ಸೋಮವಾರ ಸಂಜೆ ಆರರೊಳಗೆ ಕಾರ್ಯಸೂಚಿಯ ಫೋಟೋ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ಒಂದು ವಾರಕ್ಕೆ ಮೂರೇ ಪ್ರಶ್ನೆ. ನಾಲ್ಕನೆಯದು ಬಂದರೆ ಯಾವುದನ್ನು ಬಿಡುವುದು ಎಂದು ವ್ಯವಸ್ಥಾಪಕರು ಸೋಮವಾರವೇ ತೀರ್ಮಾನಿಸಬೇಕು.

ಸಮಯ ಹಂಚಿದ್ದು ಹೀಗೆ. ಮೊದಲ ಹದಿನೈದು ನಿಮಿಷ ಹಿಂದಿನ ವಾರ ಹೊತ್ತುಕೊಂಡ ಕೆಲಸಗಳಿಗೆ. ಮುಂದಿನ ಮೂವತ್ತೈದು ನಿಮಿಷ ಮೂರು ಪ್ರಶ್ನೆಗಳಿಗೆ. ಕೊನೆಯ ಐದು ನಿಮಿಷ ಹೊಸ ಕೆಲಸಗಳನ್ನು ಓದಿ ಹೇಳುವುದಕ್ಕೆ. ಒಟ್ಟು 55 ನಿಮಿಷ. ಮಿಲ್ಲಿನವರು ಮತ್ತು ಮಳಿಗೆಯವರು ತಮ್ಮ ಕೆಲಸಗಳ ಉತ್ತರ ಕೊಟ್ಟು, ತಮಗೆ ಸಂಬಂಧಿಸಿದ ಪ್ರಶ್ನೆ ಇಲ್ಲದಿದ್ದರೆ ಎದ್ದು ಹೋಗಬಹುದು. ಇದು ಅವಮರ್ಯಾದೆ ಅನ್ನಿಸುತ್ತದೆಯೇನೋ ಎಂದು ನನಗೆ ಅಳುಕಿತ್ತು. ಎರಡನೆಯ ವಾರವೇ ಮಿಲ್ಲಿನವರು ನಿರಾಳವಾಗಿ ಎದ್ದು ಹೋದರು.

ಮಾಡುವವರ ಬಾಯಿಂದಲೇ

ಹಿಂದಿನ ಕೆಲಸಗಳನ್ನು ಮೊದಲಿಗೇ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಕೊನೆಗೆ ಇಟ್ಟರೆ ಸಮಯ ಮೀರಿದಾಗ ಮೊದಲು ಕತ್ತರಿಸಲ್ಪಡುವುದು ಅದೇ. ಎರಡು ವಾರ ಯಾರೂ ಕೇಳದಿದ್ದರೆ ಮೂರನೆಯ ವಾರ ಯಾರೂ ಮಾಡುವುದಿಲ್ಲ.

ಲೆಕ್ಕದ ಅಕ್ಕ ಉದ್ದ ರಿಜಿಸ್ಟರ್ ತಂದು ನಾಲ್ಕು ಅಂಕಣ ಗೆರೆ ಎಳೆದರು: ಯಾರು, ಏನು, ಯಾವ ದಿನದೊಳಗೆ, ಆಯಿತೆಂದು ಗೊತ್ತಾಗುವುದು ಹೇಗೆ. ಇಲ್ಲಿಯವರೆಗೆ ಸಭೆ ನಡೆಸುವವರೂ ಬರೆಯುವವರೂ ವ್ಯವಸ್ಥಾಪಕರೇ ಆಗಿದ್ದರು. ಮಾತಾಡುತ್ತಾ ಬರೆಯುವವರು ತಾವು ಹೇಳಿದ್ದನ್ನು ಬರೆಯುತ್ತಾರೆ, ಒಪ್ಪಿಕೊಂಡದ್ದನ್ನಲ್ಲ. ಇನ್ನು ಮೇಲೆ ಬರೆಯುವುದು ಅಕ್ಕನ ಕೆಲಸ. ‘ವುದು’ ಎಂದು ಮುಗಿಯುವ ವಾಕ್ಯ ಈ ಪುಸ್ತಕದಲ್ಲಿ ಬರಕೂಡದು ಎಂದು ನಾನು ಕೇಳಿಕೊಂಡೆ. ‘ತರುತ್ತಾರೆ’, ‘ಕೊಡುತ್ತಾರೆ’, ‘ಕಟ್ಟುತ್ತಾರೆ’ ಎಂದೇ ಇರಬೇಕು. ಕೊನೆಯ ಐದು ನಿಮಿಷದಲ್ಲಿ ಅಕ್ಕ ಹೆಸರು ಹಿಡಿದು ಕರೆದಾಗ ಆ ವ್ಯಕ್ತಿಯೇ ‘ಶುಕ್ರವಾರದೊಳಗೆ ನಾನು ಮೂರು ಅಂಗಡಿಗಳ ದರಪಟ್ಟಿ ತಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ’ ಎಂದು ಹೇಳಬೇಕು. ಬೇರೆಯವರು ಅವರ ಪರವಾಗಿ ಹೇಳುವಂತಿಲ್ಲ.

ನಾಲ್ಕನೆಯ ಅಂಕಣ ಎಲ್ಲಕ್ಕಿಂತ ಹೆಚ್ಚು ಜಗಳ ಉಳಿಸಿತು. ‘ಗ್ರಾಹಕರೊಂದಿಗೆ ಮಾತಾಡುತ್ತೇನೆ’ ಎಂದು ಮಳಿಗೆಯವರು ಹೇಳಿದರೆ, ಮಾತಾಡಿದ್ದು ತಿಳಿಯುವುದು ಹೇಗೆ? ‘ಬಾಕಿ ಇರುವ ಹನ್ನೆರಡು ಜನರ ಹೆಸರಿನ ಮುಂದೆ ಕೊಡುವ ದಿನಾಂಕ ಬರೆದ ಪಟ್ಟಿ’ ಎಂದು ಬರೆದ ಮೇಲೆ ಮುಂದಿನ ಮಂಗಳವಾರ ಆ ಪಟ್ಟಿ ಇರುತ್ತದೆ ಅಥವಾ ಇರುವುದಿಲ್ಲ. ಕೆಲಸವಾಯಿತೇ ಎಂದು ಕೇಳಿದಾಗ ಮೂರೇ ಉತ್ತರಗಳು: ಆಯಿತು; ಆಗಿಲ್ಲ, ಹೊಸ ದಿನ ಇದು; ಇದು ಬೇಡವೆಂದು ಬಿಡೋಣ. ಆಗದಿದ್ದುದಕ್ಕೆ ಕಾರಣ ವಿವರಿಸುವ ಹೊತ್ತಲ್ಲ ಅದು. ಒಂದು ಕೆಲಸಕ್ಕೆ ಒಂದು ನಿಮಿಷ.

ಕಾಕಾ ಮಾತು ನಿಲ್ಲಿಸಿದ್ದು

ಇಲ್ಲಿಯವರೆಗೆ ಎಲ್ಲ ಸರಿಹೋಯಿತು ಎನ್ನುವಂತೆ ಕಾಣುತ್ತದೆ. ನಾಲ್ಕನೆಯ ವಾರ ನಾನೇ ಒಂದು ತಪ್ಪು ಮಾಡಿಸಿದ್ದು ಹೊರಬಿತ್ತು.

ಕ್ಷೇತ್ರದ ವರದಿಗಳು ಸಭೆಯನ್ನು ನುಂಗುತ್ತಿದ್ದವಲ್ಲ, ಅದಕ್ಕೆ ಆರಂಭದಲ್ಲೇ ಒಬ್ಬೊಬ್ಬರಿಗೆ ಎರಡು ನಿಮಿಷ ಕೊಡಲು ಸೂಚಿಸಿದ್ದೆ. ಕೆಲಸಗಳ ಹದಿನೈದು ನಿಮಿಷದಲ್ಲೇ ಅದನ್ನು ಹೊಂದಿಸಿ, ಮೊಬೈಲಿನಲ್ಲಿ ಗಂಟೆ ಇಟ್ಟೆವು. ಎರಡನೆಯ ವಾರ ಕಾಕಾ ಮಾತಿಗೆ ತೊಡಗಿದ್ದರು. ಅವರು ವಿಷಯಕ್ಕೆ ಬರುವ ಮೊದಲು ಮಳೆ, ಬೆಳೆ, ಯಾರ ಮನೆಯ ಮದುವೆ ಎಂದು ಒಂದು ಸುತ್ತು ಹಾಕುವವರು. ಮೊಬೈಲ್ ಕೂಗಿತು. ಕಾಕಾ ‘ಆಯಿತಪ್ಪಾ’ ಎಂದು ಕುಳಿತರು. ಮುಂದಿನ ವಾರ ‘ಹೇಳುವಂಥದ್ದೇನಿಲ್ಲ’ ಎಂದರು. ಸಭೆ 50 ನಿಮಿಷಕ್ಕೇ ಮುಗಿಯಿತು. ನಾನು ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿದೆ.

ಹತ್ತು ದಿನಗಳ ನಂತರ ಎರಡು ಹಳ್ಳಿಗಳ ಸುಮಾರು ನಲವತ್ತು ಸದಸ್ಯರು ತಮ್ಮ ತೊಗರಿಯನ್ನು ಕಂಪನಿಗೆ ತರದೆ ವ್ಯಾಪಾರಿಗಳಿಗೆ ಕೊಟ್ಟರೆಂದು ತಿಳಿಯಿತು. ಕಾರಣ ತೇವಾಂಶ. ಬೆಂಬಲ ಬೆಲೆಯ ಖರೀದಿಯಲ್ಲಿ ತೊಗರಿಗೆ ಶೇಕಡಾ 12ರ ಮಿತಿ ಇದೆ, ಈ ಕಂಪನಿಯೂ ಅದನ್ನೇ ಪಾಲಿಸುತ್ತಿತ್ತು. ವ್ಯಾಪಾರಿಯ ಮಾಪಕದಲ್ಲಿ 11.6 ಬಂದ ಕಾಳು ಕಂಪನಿಯ ಮಾಪಕದಲ್ಲಿ 12.4 ತೋರಿಸಿ ವಾಪಸಾಗಿತ್ತು. ಕಾಕಾ ಅಂದು ಹೇಳಹೊರಟಿದ್ದು ಇದನ್ನೇ. ಕೇಳಿದಾಗ ಅವರು ಕೋಪವಿಲ್ಲದೆ, ‘ಮದುವೆಮನೆಯಲ್ಲೇ ಆ ಮಾತು ನನಗೆ ಗೊತ್ತಾದದ್ದು. ಅಲ್ಲಿಂದಲೇ ಹೇಳಬೇಕಿತ್ತು, ನಿಮ್ಮ ಗಂಟೆ ಹೊಡೆಯಿತು’ ಎಂದರು. ಈ ಮಾತು ನನ್ನನ್ನು ಬಹಳ ದಿನ ಕಾಡಿತು.

ಸಮಯದ ಮಿತಿಯನ್ನು ಮಾತಾಡುವವರ ಮೇಲೆ ಹಾಕಿದ್ದು ತಪ್ಪು. ಅದು ಪ್ರಶ್ನೆಯ ಮೇಲೆ ಇರಬೇಕು. ಹನ್ನೆರಡು ನಿಮಿಷದ ಪ್ರಶ್ನೆಯಲ್ಲಿ ಒಬ್ಬರು ಆರು ನಿಮಿಷ ಮಾತಾಡಿದರೂ ಅದು ಆ ಪ್ರಶ್ನೆಗೆ ಬೇಕಾದ ಮಾತಾದರೆ ಅಡ್ಡಿಯಿಲ್ಲ. ಆಮೇಲೆ ಮೊಬೈಲ್ ಗಂಟೆ ತೆಗೆದು, ಗೋಡೆ ಗಡಿಯಾರದ ಎದುರು ಕುಳಿತವರು ಎರಡು ನಿಮಿಷ ಉಳಿದಾಗ ಕೈ ಎತ್ತುವಂತೆ ಮಾಡಿದೆವು. ಆಗ ವ್ಯವಸ್ಥಾಪಕರು ಕೇಳುವುದು ಒಂದೇ: ಈಗ ತೀರ್ಮಾನಿಸೋಣವೇ, ಇಬ್ಬರು ಕುಳಿತು ಮುಗಿಸಿ ಬರುತ್ತಾರೆಯೇ, ಮುಂದಿನ ವಾರ ಇನ್ನಷ್ಟು ವಿವರದೊಂದಿಗೆ ತರೋಣವೇ?

ಕ್ಷೇತ್ರದ ಸುದ್ದಿಗೆ ಬೇರೆ ದಾರಿ ಮಾಡಿದೆವು. ಸೋಮವಾರ ಮಧ್ಯಾಹ್ನ ಲೆಕ್ಕದ ಅಕ್ಕ ನಾಲ್ವರಿಗೂ ಫೋನ್ ಮಾಡಿ ಕೇಳುತ್ತಾರೆ. ಕಾಕಾ ಮದುವೆಮನೆಯಿಂದಲೇ ಆರಂಭಿಸಬಹುದು, ಅಲ್ಲಿ ಗಡಿಯಾರವಿಲ್ಲ. ಅದರಲ್ಲಿ ಹಣದ ವಿಷಯವೋ ಸದಸ್ಯರ ನಂಬಿಕೆಯ ವಿಷಯವೋ ಇದ್ದರೆ ಅದು ಕಾರ್ಯಸೂಚಿಯ ಪ್ರಶ್ನೆಯಾಗುತ್ತದೆ, ತಂದವರ ಹೆಸರಿನಲ್ಲೇ.

ತೇವಾಂಶದ ಪ್ರಶ್ನೆ ಹಾಗೆ ಬಂದ ಮೊದಲನೆಯದು. ಹಳೆಯ ಧಾಟಿಯಲ್ಲಾಗಿದ್ದರೆ ‘ಮಾಪಕ ಪರಿಶೀಲಿಸುವುದು’ ಎಂದು ಬರೆದು ಏಳುತ್ತಿದ್ದರು. ಪುಸ್ತಕದಲ್ಲಿ ಇರುವುದು ಹೀಗೆ: ‘ಗೋದಾಮಿನವರು ಶುಕ್ರವಾರದೊಳಗೆ ಒಂದೇ ಚೀಲದ ಕಾಳನ್ನು ನಮ್ಮ ಮಾಪಕ, ಮಿಲ್ಲಿನ ಮಾಪಕ ಮತ್ತು ಮಾರುಕಟ್ಟೆಯ ಒಂದು ಮಾಪಕದಲ್ಲಿ ಮೂರು ಮೂರು ಸಲ ಅಳೆದು, ಒಂಬತ್ತು ಅಂಕಿಗಳ ಚೀಟಿ ತರುತ್ತಾರೆ.’ ಚೀಟಿ ಬಂತು. ಮಿಲ್ಲಿನದೂ ಮಾರುಕಟ್ಟೆಯದೂ ಹೆಚ್ಚುಕಡಿಮೆ ಒಂದೇ ಇದ್ದವು. ಕಂಪನಿಯದು ಶೇಕಡಾ ಒಂದಕ್ಕೆ ಸಮೀಪದಷ್ಟು ಹೆಚ್ಚು ತೋರಿಸುತ್ತಿತ್ತು. ಮಾಪಕವನ್ನು ಸರಿಪಡಿಸಲು ಕಳಿಸಿ, ಅದು ಬರುವವರೆಗೆ ಮಿಲ್ಲಿನ ಮಾಪಕದಲ್ಲೇ ಅಳೆದರು. ಆ ಎರಡು ಹಳ್ಳಿಗಳಿಗೆ ಚೀಟಿಯ ಪ್ರತಿಯನ್ನು ಕಾಕಾ ತಾವೇ ಒಯ್ದರು.

ಎರಡು ಸಲ ಮುಂದೆ ಹೋದ ಕೆಲಸ

ಗೋಣಿಚೀಲದ ಕಥೆಗೆ ಇನ್ನೊಂದು ಅರ್ಧವಿದೆ. ಅದು ಸಿಕ್ಕಿದ್ದು ಫೆಬ್ರುವರಿಯಲ್ಲಿ, ಮತ್ತೆ 2,000 ಚೀಲ ಬೇಕಾದಾಗ. ಈ ಬಾರಿ ಹೆಸರಿತ್ತು, ದಿನಾಂಕವಿತ್ತು, ದರಪಟ್ಟಿಯೂ ಬಂದಿತ್ತು. ಆದರೂ ಎರಡು ಮಂಗಳವಾರ ‘ಆಗಿಲ್ಲ, ಹೊಸ ದಿನ ಇದು’ ಎಂಬ ಉತ್ತರವೇ ಬಂತು.

ನಾವು ಒಂದು ಕಟ್ಟಳೆ ಮಾಡಿಕೊಂಡಿದ್ದೆವು: ಎರಡು ಸಲ ಮುಂದೆ ಹೋದ ಕೆಲಸದ ಬಗ್ಗೆ ಮೂರನೆಯ ಸಲ ‘ಯಾವಾಗ ಮಾಡುತ್ತೀರಿ’ ಎಂದು ಕೇಳಬಾರದು, ‘ಎಲ್ಲಿ ಸಿಕ್ಕಿಕೊಂಡಿದೆ’ ಎಂದು ಕೇಳಬೇಕು. ಗೋದಾಮಿನವರು ಸ್ವಲ್ಪ ಸಂಕೋಚದಿಂದಲೇ ಹೇಳಿದರು: ಐವತ್ತು ಸಾವಿರಕ್ಕಿಂತ ಹೆಚ್ಚಿನ ಖರೀದಿಗೆ ಇಬ್ಬರು ನಿರ್ದೇಶಕರ ಸಹಿ ಬೇಕು. ಚೀಲಕ್ಕೆ ಮೂವತ್ತು ರೂಪಾಯಿಯೆಂದರೂ 2,000 ಚೀಲಕ್ಕೆ ಅರವತ್ತು ಸಾವಿರ. ನಿರ್ದೇಶಕರ ಮಂಡಳಿ ಸೇರುವುದು ತಿಂಗಳಿಗೊಮ್ಮೆ. ನವೆಂಬರ್‌ನಲ್ಲೂ ಅದು ಇದೇ ಗಂಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಯಾರ ಕೆಲಸವೆಂದು ಗೊತ್ತಾಗಿದ್ದರೂ 4,600 ಚೀಲದ ಆದೇಶ ಆ ಕೋಣೆಯಿಂದ ಹೊರಡುತ್ತಿರಲಿಲ್ಲ. ತನಗಿಲ್ಲದ ಅಧಿಕಾರದ ಬಗ್ಗೆ ಸಭೆ ನಾಲ್ಕು ವಾರ ತೀರ್ಮಾನ ಮಾಡುತ್ತಾ ಕುಳಿತಿತ್ತು.

ಅಂದಿನಿಂದ ಕಾರ್ಯಸೂಚಿಯ ಪ್ರಶ್ನೆಯ ಪಕ್ಕದಲ್ಲಿ ಒಂದು ಗುರುತು ಸೇರಿತು: ‘ಇಲ್ಲೇ’ ಅಥವಾ ‘ಮಂಡಳಿ’. ‘ಮಂಡಳಿ’ ಎಂದಿದ್ದರೆ ಚರ್ಚೆಯ ಕೊನೆಗೆ ಹುಟ್ಟುವ ಕೆಲಸ ಒಂದೇ: ವ್ಯವಸ್ಥಾಪಕರು ಇಂಥ ದಿನದೊಳಗೆ ಠರಾವಿನ ಕರಡು ಬರೆದು ಅಧ್ಯಕ್ಷರಿಗೆ ಮುಟ್ಟಿಸುತ್ತಾರೆ. ಮಾರ್ಚ್ ತಿಂಗಳ ಮಂಡಳಿ ಸಭೆಯಲ್ಲಿ, ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಖರೀದಿಗೆ ಬೇಕಾದ ಚೀಲ ಮತ್ತು ಹಮಾಲಿಗಾಗಿ ಎರಡು ಲಕ್ಷದವರೆಗೆ ವ್ಯವಸ್ಥಾಪಕರೇ ಖರ್ಚು ಮಾಡಬಹುದೆಂದು ಠರಾವಾಯಿತು.

ಏಪ್ರಿಲ್‌ನಲ್ಲಿ ಇದೇ ಕಟ್ಟಳೆ ಇನ್ನೊಂದು ಗಂಟು ಬಿಡಿಸಿತು. ಗೊಬ್ಬರ ಮಾರಾಟದ ಪರವಾನಗಿಯ ನವೀಕರಣ ಎರಡು ವಾರ ಮುಂದೆ ಹೋಗಿತ್ತು. ನಮ್ಮ ಭಾಗದಲ್ಲಿ ಬೇಸಿಗೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆವರೆಗೆ ನಡೆಯುತ್ತವೆ. ಮಳಿಗೆಯವರು ಕಾಗದಪತ್ರಕ್ಕೆಂದು ಮಂಗಳವಾರವನ್ನೇ ಇಟ್ಟುಕೊಂಡಿದ್ದರು, ಅಂದು ಮಳಿಗೆಗೆ ಗಿರಾಕಿಗಳು ಕಡಿಮೆ. ಸಭೆ ಮುಗಿಸಿ ಹೊರಟರೆ ಕಚೇರಿಯಲ್ಲಿ ಕೆಲಸ ಮುಗಿಸುವಷ್ಟು ಹೊತ್ತು ಉಳಿಯುತ್ತಿರಲಿಲ್ಲ. ಏಪ್ರಿಲ್, ಮೇ ತಿಂಗಳ ಸಭೆಯನ್ನು ಸಂಜೆ ನಾಲ್ಕಕ್ಕೆ ಬದಲಾಯಿಸಿದ ಕೂಡಲೇ ಕೆಲಸ ಮುಗಿಯಿತು.

ಹದಿಮೂರು ವಾರಗಳ ಲೆಕ್ಕ

ಹದಿಮೂರು ಸಭೆಗಳಲ್ಲಿ 96 ಕೆಲಸಗಳು ಪುಸ್ತಕಕ್ಕೆ ಬಂದವು. 71 ಹೇಳಿದ ದಿನಕ್ಕೆ ಆದವು, 14 ತಡವಾಗಿ ಆದವು, ಆರನ್ನು ಬೇಡವೆಂದು ಬಿಟ್ಟರು, ಐದು ನಾನು ಹೊರಡುವಾಗ ಇನ್ನೂ ನಡೆಯುತ್ತಿದ್ದವು. ಬಿಟ್ಟ ಆರನ್ನು ನಾನು ಸೋಲೆಂದು ಎಣಿಸುವುದಿಲ್ಲ. ಮೊದಲಾಗಿದ್ದರೆ ಅವು ಪುಸ್ತಕದಲ್ಲಿ ವರ್ಷಗಟ್ಟಲೆ ಉಳಿಯುತ್ತಿದ್ದವು.

ಒಂದು ಅಪಾಯದ ಗುರುತನ್ನು ಮಾರ್ಚ್ ಮಧ್ಯದಲ್ಲಿ ಅಕ್ಕನೇ ಕಂಡುಹಿಡಿದರು. ಆ ವಾರ ತೆರೆದಿದ್ದ 19 ಕೆಲಸಗಳಲ್ಲಿ 11 ವ್ಯವಸ್ಥಾಪಕರ ಹೆಸರಿನಲ್ಲೇ ಇದ್ದವು. ಯಾರೂ ಕೈ ಎತ್ತದಿದ್ದಾಗ ಅವರು ‘ಇರಲಿ, ನಾನೇ ನೋಡಿಕೊಳ್ಳುತ್ತೇನೆ’ ಎನ್ನುತ್ತಿದ್ದರು. ಹಾಗೆ ಹೇಳುವುದು ದೊಡ್ಡತನವೇ, ಆದರೆ ಅದರಿಂದ ಕೆಲಸಗಳು ಹಳೆಯ ಜಾಗಕ್ಕೇ ಮರಳಿ ರಾಶಿಯಾಗುತ್ತಿದ್ದವು. ಒಬ್ಬರ ಹೆಸರಿನಲ್ಲಿ ಐದು ಕೆಲಸ ತೆರೆದಿದ್ದರೆ ಆರನೆಯದನ್ನು ಬರೆಯುವುದಿಲ್ಲವೆಂದು ಅಕ್ಕ ಪಟ್ಟು ಹಿಡಿದರು, ವ್ಯವಸ್ಥಾಪಕರ ಮುಖ ನೋಡಿಯೇ.

ಈ ಕ್ರಮ ನಡೆಯದ ಕಡೆಯೂ ಇದೆ. ಖರೀದಿ ಬಿರುಸಾಗಿದ್ದ ಎರಡು ವಾರ ಮಂಗಳವಾರದ ಸಭೆ ನಡೆಸಲು ಹೋಗಿ ಗೋದಾಮಿನ ಮುಂದೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದವು. ಅಂಥ ವಾರಗಳಲ್ಲಿ ಬೆಳಿಗ್ಗೆ ತೂಕದ ಯಂತ್ರದ ಬಳಿ ನಿಂತುಕೊಂಡೇ ಹತ್ತು ನಿಮಿಷ ಕೆಲಸಗಳ ಪುಟ ಓದುವುದಷ್ಟೇ ಸಾಧ್ಯ, ಪ್ರಶ್ನೆಗಳು ಕಾಯಬೇಕು. ಇಬ್ಬರು ಕ್ಷೇತ್ರ ಸಿಬ್ಬಂದಿಯ ನಡುವೆ ಹಳ್ಳಿಗಳ ಹಂಚಿಕೆಯ ಬಗ್ಗೆ ಇದ್ದ ಮನಸ್ತಾಪವನ್ನು ಸಭೆಗೆ ತಂದಾಗ ಅದು ಇನ್ನಷ್ಟು ಗಟ್ಟಿಯಾಯಿತು. ಅದನ್ನು ವ್ಯವಸ್ಥಾಪಕರು ಇಬ್ಬರನ್ನೂ ಮನೆಗೆ ಕರೆದು ಬಗೆಹರಿಸಿದರು.

ಜೂನ್‌ನಲ್ಲಿ ಬಿತ್ತನೆ ಶುರುವಾದಾಗ ಬೇರೆ ಕೆಲಸಕ್ಕೆಂದು ಆಳಂದಕ್ಕೆ ಹೋದವನು ಕಚೇರಿಗೆ ಹೊಕ್ಕೆ. ಅಕ್ಕ ರಿಜಿಸ್ಟರ್ ತೆರೆದು ತೋರಿಸಿದರು. ಮುಂದಿನ ಪುಟಗಳಲ್ಲಿ ಒಂದಕ್ಕೆ ಗೋದಾಮಿನವರು ಆಗಲೇ ಚೀಟಿ ಅಂಟಿಸಿದ್ದರು. ‘ಸೆಪ್ಟೆಂಬರ್ ಮೊದಲ ಮಂಗಳವಾರ. ಈ ಹಂಗಾಮಿಗೆ ಚೀಲ ಎಷ್ಟು, ಯಾವ ದಿನದೊಳಗೆ? ತರುವವನು ನಾನು. 12 ನಿಮಿಷ. ಇಲ್ಲೇ.’